ಮುಂಗಡದ ಇತ್ಯರ್ಥ ಮತ್ತು ಐವತ್ತು ಪೈಸೆಯ ಬಾಕಿ

ನಮ್ಮ ಕಚೇರಿಯಲ್ಲಿ ಹಣ ಕೊಡುವಾಗ ತೋರುವ ಔದಾರ್ಯಕ್ಕೂ ಅದರ ಲೆಕ್ಕ ಕೇಳುವಾಗ ತೋರುವ ಅನುಮಾನಕ್ಕೂ ಯಾವ ನಂಟೂ ಇಲ್ಲ. ಕಲಬುರಗಿಗೆ ಮೂರು ದಿನಗಳ ಪ್ರವಾಸಕ್ಕೆಂದು ನಾನು 10,000 ರೂಪಾಯಿ ಮುಂಗಡ ಕೇಳಿದಾಗ ಕ್ಯಾಷಿಯರ್ ಮರುಮಾತಿಲ್ಲದೆ ನೋಟುಗಳನ್ನು ಎಣಿಸಿ ಕೊಟ್ಟರು. ಮೊತ್ತ 5,000 ರೂಪಾಯಿ ಮೀರಿದ್ದರಿಂದ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ, ಅರ್ಧ ಸ್ಟಾಂಪಿನಲ್ಲಿಯೂ ಅರ್ಧ ಕಾಗದದಲ್ಲಿಯೂ ಬೀಳುವಂತೆ ಸಹಿ ಮಾಡಿದೆ. ಇಷ್ಟಕ್ಕೆ ಹಿಡಿದದ್ದು ನಾಲ್ಕು ನಿಮಿಷ. ಆ ಹಣ ಏನಾಯಿತೆಂದು ಒಪ್ಪಿಸುವುದಕ್ಕೆ ಮೂವತ್ತೊಂದು ದಿನ ಹಿಡಿಯಿತು.

ಪ್ರವಾಸದಿಂದ ಮರಳಿದ ಏಳು ದಿನಗಳೊಳಗೆ ಇತ್ಯರ್ಥದ ಮಿಂಚಂಚೆ ಕಳುಹಿಸಬೇಕೆಂಬುದು ನಿಯಮ. ನಾನು ನಿಯಮಕ್ಕೆ ಹೆದರುವ ಮನುಷ್ಯನಾದ್ದರಿಂದ ಮೂರನೆಯ ದಿನವೇ ಹೀಗೆ ಬರೆದೆ: 'ಮಾನ್ಯರೇ, ಕಲಬುರಗಿ ಪ್ರವಾಸಕ್ಕೆ ಪಡೆದ ಮುಂಗಡ ರೂ. 10,000. ಲಗತ್ತಿಸಿದ ಬಿಲ್ಲುಗಳ ಮೊತ್ತ ರೂ. 6,180. ಬಿಲ್ಲು ದೊರೆಯದ ಆಟೋ ವೆಚ್ಚ ರೂ. 420. ಒಟ್ಟು ವೆಚ್ಚ ರೂ. 6,600. ಉಳಿಕೆ ರೂ. 3,400ನ್ನು ಇಂದು ನಗದಾಗಿ ಹಿಂತಿರುಗಿಸಿದ್ದು, ಅದರ ರಸೀದಿಯನ್ನು ಲಗತ್ತಿಸಿದೆ. ದಯವಿಟ್ಟು ನನ್ನ ಮುಂಗಡದ ಖಾತೆಯನ್ನು ಮುಕ್ತಾಯಗೊಳಿಸಬೇಕಾಗಿ ವಿನಂತಿ.' ಕೂಡಿದರೂ ಕಳೆದರೂ ತಾಳೆಯಾಗುವ ಲೆಕ್ಕ ಅದು. ನಾಲ್ಕನೆಯ ತರಗತಿಯ ಮೇಷ್ಟರಾಗಿದ್ದರೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಪಟ್ಟಿಯನ್ನು ಮುಚ್ಚುತ್ತಿದ್ದರು. ಲೆಕ್ಕ ವಿಭಾಗದವರು ಅದನ್ನು ಬಿಚ್ಚಿದರು.

ಮೊದಲ ಆಕ್ಷೇಪ ಹೊರಟದ್ದು ಬಸ್ಸಿನ ಟಿಕೆಟಿನ ಮೇಲೆ. ಹೋಗುವಾಗಿನ ಟಿಕೆಟು ಆನ್‌ಲೈನಿನದು, 1,170 ರೂಪಾಯಿ, ಅದರ ಬಗ್ಗೆ ತಕರಾರಿರಲಿಲ್ಲ. ಬರುವಾಗಿನ 1,130 ರೂಪಾಯಿಯದು ಕಂಡಕ್ಟರು ಕೈಯಲ್ಲಿ ಹಿಡಿದ ಯಂತ್ರದಿಂದ ಹರಿದುಕೊಟ್ಟ ಚೀಟಿ. ಆ ಚೀಟಿಗೆ ಶಾಯಿ ಇರುವುದಿಲ್ಲ. ಬಿಸಿ ತಗುಲಿದಲ್ಲಿ ಕಪ್ಪಾಗುವ ಲೇಪನವೊಂದು ಕಾಗದದ ಮೇಲೆ ಇರುತ್ತದೆ, ಯಂತ್ರದ ತಲೆ ಅಕ್ಷರದ ಆಕಾರದಲ್ಲಿ ಕಾದು ಅದನ್ನು ಸುಡುತ್ತದೆ, ಅಷ್ಟೇ. ಹಾಗಾಗಿ ಅದನ್ನು ಪ್ಲಾಸ್ಟಿಕ್ಕಿನ ಪರ್ಸಿನಲ್ಲಿಟ್ಟು ಬಿಸಿಲಿನಲ್ಲಿ ಓಡಾಡಿದರೆ ಅಕ್ಷರಗಳು ನಿಧಾನವಾಗಿ ಮಾಸಿಹೋಗುತ್ತವೆ. ಕಲಬುರಗಿಯ ಬಿಸಿಲಿನ ಬಗ್ಗೆ ನಾನು ಹೇಳಬೇಕಾದದ್ದೇನೂ ಇಲ್ಲ. ನನ್ನ ಟಿಕೆಟಿನಲ್ಲಿ ದಿನಾಂಕ ಉಳಿದಿತ್ತು, ಊರಿನ ಹೆಸರು ಉಳಿದಿತ್ತು, ದರದ ಜಾಗದಲ್ಲಿ ಮಾತ್ರ ಮುಂಜಾನೆಯ ಮಂಜಿನಂಥದ್ದೊಂದು ಕಂದು ಕಲೆ ಇತ್ತು. ಪುಣ್ಯಕ್ಕೆ ಇಳಿದ ದಿನವೇ ಅದರ ಝೆರಾಕ್ಸ್ ತೆಗೆಸಿಟ್ಟಿದ್ದೆ. 'ಮೂಲಪ್ರತಿ ಓದಲಾಗುತ್ತಿಲ್ಲ, ನಕಲು ಸ್ವೀಕಾರಾರ್ಹವಲ್ಲ' ಎಂಬ ಉತ್ತರ ಬಂತು. ಓದಲಾಗದ ಮೂಲವನ್ನೂ ಓದಬಹುದಾದ ನಕಲನ್ನೂ ಒಂದಕ್ಕೊಂದು ಪಿನ್ನು ಹೊಡೆದು, ಎರಡೂ ಒಂದೇ ಟಿಕೆಟಿನವೆಂದು ಸ್ವಯಂ ದೃಢೀಕರಿಸಿ ಕೊಟ್ಟ ಮೇಲೆ ಅದು ದಾಟಿತು. ನಮ್ಮ ಸಹೋದ್ಯೋಗಿಯೊಬ್ಬರು ಕಳೆದ ಸಲ ಇದೇ ಭಯಕ್ಕೆ ತಮ್ಮ ಟಿಕೆಟನ್ನು ಶಾಶ್ವತವಾಗಿ ಉಳಿಸೋಣವೆಂದು ಲ್ಯಾಮಿನೇಷನ್ ಮಾಡಿಸಲು ಹೋಗಿದ್ದರು. ಬಿಸಿ ರೋಲರಿನ ಆಚೆಯಿಂದ ಅದು ಆ ತುದಿಯಿಂದ ಈ ತುದಿಯವರೆಗೆ ಇದ್ದಿಲಿನಂತೆ ಕಪ್ಪಾಗಿ ಹೊರಬಂತು. ಈಗ ಅದು ಶಾಶ್ವತವಾಗಿಯೇ ಉಳಿದಿದೆ.

ಎರಡನೆಯ ಆಕ್ಷೇಪ ವಸತಿಯದು. ದಿನಕ್ಕೆ 1,400ರಂತೆ ಎರಡು ರಾತ್ರಿಗೆ 2,800, ಅದರ ಮೇಲೆ ಶೇಕಡ 5ರ ಜಿಎಸ್‌ಟಿ 140, ಒಟ್ಟು 2,940 ರೂಪಾಯಿ. ಬಿಲ್ಲು ಅಚ್ಚುಕಟ್ಟಾಗಿತ್ತು, ಆದರೆ ಅದರಲ್ಲಿ ನಮ್ಮ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇರಲಿಲ್ಲ. ಸಂಖ್ಯೆ ಇದ್ದರೆ ಕಟ್ಟಿದ ತೆರಿಗೆಯನ್ನು ಸಂಸ್ಥೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು ಎಂಬುದು ಅವರ ವಾದ, ವಾದ ಸರಿಯಾದದ್ದೇ. ಆದರೆ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ದರ ಶೇಕಡ 12ರಿಂದ 5ಕ್ಕೆ ಇಳಿದಾಗ ಹಾಗೆ ಕಳೆದುಕೊಳ್ಳಬಹುದಾದ ಮೊತ್ತವೂ ಜೊತೆಗೇ ಇಳಿಯಿತು. ಆ 140 ರೂಪಾಯಿಯನ್ನು ಪಡೆಯುವುದಕ್ಕೆ ಬೇಕಾದ ಸಂಖ್ಯೆಗಾಗಿ ನಾನು ಲಾಡ್ಜಿಗೆ ಮೂರು ಸಲ ಫೋನು ಮಾಡಿದೆ. ಮೂರನೆಯ ಸಲ ಅಲ್ಲಿಯ ಮ್ಯಾನೇಜರು, 'ಬಿಲ್ ತಿದ್ದಿ ಕಳಸ್ತೀನ್ರೀ ಸರ, ಆದ್ರ ಅದರಿಂದ ನಿಮಗೇನ್ ಸಿಗ್ತದಂತ ನನಗ ತಿಳೀವಲ್ದು' ಎಂದರು. ನನಗೂ ತಿಳಿದಿರಲಿಲ್ಲ. ತಿದ್ದಿದ ಬಿಲ್ಲು ಬಂದಾಗ ಲೆಕ್ಕ ವಿಭಾಗವು ಅದನ್ನು ಸಂತೋಷದಿಂದ ಕಡತದಲ್ಲಿ ಸೇರಿಸಿ, 140 ರೂಪಾಯಿಯನ್ನು ತೆರಿಗೆಯಲ್ಲಿ ಕಳೆದುಕೊಳ್ಳದೆ ವಸತಿ ವೆಚ್ಚದ ತಲೆಗೇ ಬರೆಯಿತು.

ಆಟೋದ ಕತೆಗೆ ಬರೋಣ. ಆರು ಸಲ ಆಟೋ ಹತ್ತಿದ್ದೆ, ಒಟ್ಟು 420 ರೂಪಾಯಿ. ಮೊದಲ ಆಟೋದವರನ್ನೇ ಬಿಲ್ಲು ಕೇಳಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಮೀಟರೇ ಇಲ್ಲ, ಬಿಲ್ ಎಲ್ಲಿಂದ ತರೂದ್ರೀ ಸರ' ಎಂದು ಕೇಳಿದ್ದರು. ನಮ್ಮ ನಿಯಮದಲ್ಲಿ ಬಿಲ್ಲಿಲ್ಲದ ವೆಚ್ಚಕ್ಕೆ ಪ್ರವಾಸವೊಂದಕ್ಕೆ 300 ರೂಪಾಯಿಯ ಮಿತಿ ಇದೆ, ಆದ್ದರಿಂದ 120 ರೂಪಾಯಿ ತಿರಸ್ಕೃತವಾಯಿತು. ನಾನು ಹೋದ ಆರು ಜಾಗಗಳ ಪಟ್ಟಿ, ದೂರ, ಹೊತ್ತು ಎಲ್ಲವನ್ನೂ ಬರೆದು ಕೊಟ್ಟಿದ್ದೆ. ಅದರಲ್ಲಿ ಮೊದಲ 300 ರೂಪಾಯಿಯ ಮಟ್ಟಿಗೆ ನಾನು ಸತ್ಯವಂತನೆಂದೂ 301ನೆಯ ರೂಪಾಯಿಯಿಂದ ಸುಳ್ಳುಗಾರನೆಂದೂ ತೀರ್ಮಾನವಾಯಿತು.

ಇಲ್ಲಿ ಸರ್ಕಾರವನ್ನು ಹೊಗಳಬೇಕಾದ ಸಂಕಟ ನನಗೆ ಒದಗಿದೆ. ಕೇಂದ್ರ ಸರ್ಕಾರದ ನೌಕರರಿಗೆ 2017ರ ಜುಲೈನಲ್ಲಿ ಹೊರಟ ಪ್ರಯಾಣ ಭತ್ಯೆಯ ಆದೇಶದಲ್ಲಿ, ಎಂಟನೆಯ ವೇತನ ಹಂತ ಮತ್ತು ಅದಕ್ಕಿಂತ ಕೆಳಗಿನವರು ವಸತಿಗೂ ಊರೊಳಗಿನ ಓಡಾಟಕ್ಕೂ ನಿಗದಿತ ಮಿತಿಯೊಳಗೆ ವೋಚರು ಇಲ್ಲದೆಯೇ, ತಮ್ಮ ಸಹಿಯ ದೃಢೀಕರಣದ ಮೇಲೆ ಹಣ ಪಡೆಯಬಹುದೆಂದು ಹೇಳಲಾಗಿದೆ. ಕಾಲ್ನಡಿಗೆಯಲ್ಲಿ ಹೋದರೆ ಕಿಲೋಮೀಟರಿಗೆ 12 ರೂಪಾಯಿ ಎಂಬುದೂ ಅದೇ ಆದೇಶದಲ್ಲಿದೆ. ನಡೆದದ್ದಕ್ಕೆ ಬಿಲ್ಲು ಕೊಡುವ ರಸ್ತೆ ಎಲ್ಲಿಯೂ ಇಲ್ಲವೆಂಬುದು ಆದೇಶ ಬರೆದವರಿಗೆ ಹೊಳೆದಿತ್ತು. ಸರ್ಕಾರವೇ ನಂಬಿರುವ ನೌಕರನನ್ನು ನಮ್ಮಂಥ ಖಾಸಗಿ ಸಂಸ್ಥೆ ನಂಬದಿರುವುದು, ಆಡಳಿತದ ಬಿಗಿಯಲ್ಲಿ ನಾವು ಸರ್ಕಾರವನ್ನು ಮೀರಿಸಿದ್ದೇವೆ ಎಂಬುದಕ್ಕೆ ಸಾಕ್ಷಿ.

ಊಟದ ಬಿಲ್ಲುಗಳು ಮೂರು: 263, 242, 275, ಒಟ್ಟು 780. ಝೆರಾಕ್ಸ್ ಮತ್ತು ಕೊರಿಯರಿನದು 160. ಊಟದ ಮೊದಲ ಬಿಲ್ಲಿನಲ್ಲಿ ತಿಂದದ್ದು 250 ರೂಪಾಯಿಯಷ್ಟು, ತೆರಿಗೆ ಹನ್ನೆರಡೂವರೆ, ಕೊನೆಯ ಸಾಲಿನಲ್ಲಿ 'ರೌಂಡ್ ಆಫ್ 0.50'. ನಾನು ಕೊಟ್ಟದ್ದು 263. ಲೆಕ್ಕ ವಿಭಾಗದ ಕಿರಿಯ ಅಧಿಕಾರಿಯೊಬ್ಬರು, ಐವತ್ತು ಪೈಸೆ ಊಟವೂ ಅಲ್ಲ, ತೆರಿಗೆಯೂ ಅಲ್ಲ, ಆದ್ದರಿಂದ ಅದನ್ನು ಆಹಾರ ವೆಚ್ಚವೆಂದು ಒಪ್ಪಲಾಗದು ಎಂದು ಬರೆದರು. ಲೆಕ್ಕದ ತಂತ್ರಾಂಶದಲ್ಲಿ ಇಂಥ ಚಿಲ್ಲರೆಗಾಗಿಯೇ ರೌಂಡ್ ಆಫ್ ಎಂಬ ಖಾತೆ ಇರುತ್ತದೆ, ಒಂದು ನಮೂದಿನಲ್ಲಿ ಮುಗಿಯುವ ಕೆಲಸ. ಹಾಗೆಂದು ನಾನು ವಿನಯದಿಂದ ತಿಳಿಸಿದಾಗ, ಆ ಖಾತೆಯನ್ನು ಮುಟ್ಟಿದರೆ ಆಡಿಟರು ಪ್ರಶ್ನೆ ಕೇಳುತ್ತಾರೆಂಬ ಉತ್ತರ ಬಂತು. ನಮ್ಮಲ್ಲಿ ಆಡಿಟರನ್ನು ಯಾರೂ ಹೆಚ್ಚು ನೋಡಿದವರಿಲ್ಲ, ಆದರೆ ಮಕ್ಕಳಿಗೆ ಗುಮ್ಮ ಹೇಗೋ ಹಾಗೆ ಅವರು ಎಲ್ಲ ನಿರ್ಧಾರಗಳ ಹಿಂದೆ ನಿಂತಿರುತ್ತಾರೆ.

ಹೀಗೆ ಒಂಬತ್ತು ಮಿಂಚಂಚೆಗಳ ನಂತರ, ಇಪ್ಪತ್ತೆರಡನೆಯ ದಿನ, ಅಂತಿಮ ಲೆಕ್ಕ ಕೈಸೇರಿತು. ಒಪ್ಪಿದ ವೆಚ್ಚ 6,479 ರೂಪಾಯಿ 50 ಪೈಸೆ. ಹಿಂತಿರುಗಿಸಬೇಕಾದದ್ದು 3,520 ರೂಪಾಯಿ 50 ಪೈಸೆ. ಈಗಾಗಲೇ ಕಟ್ಟಿದ್ದು 3,400. ಬಾಕಿ 120 ರೂಪಾಯಿ 50 ಪೈಸೆ. ನಾನು 121 ರೂಪಾಯಿ ಹಿಡಿದುಕೊಂಡು ಕೌಂಟರಿಗೆ ಹೋದೆ. ಕ್ಯಾಷಿಯರ್ ಡ್ರಾಯರನ್ನು ಎಳೆದು ನೋಡಿ, 'ಐವತ್ತು ಪೈಸೆ ಚಿಲ್ಲರೆ ಇಲ್ಲ ಸಾರ್, ಇಟ್ಕೊಳ್ಳಲಾ?' ಎಂದರು. ಇಟ್ಟುಕೊಳ್ಳಿ ಎಂದೆ. ಆ ಮನುಷ್ಯ ಪ್ರಾಮಾಣಿಕರು, 121 ರೂಪಾಯಿಗೇ ರಸೀದಿ ಬರೆದರು.

ಅಲ್ಲಿಗೆ ಮುಗಿಯಿತೆಂದುಕೊಂಡು ಮರುವಾರ ರಾಯಚೂರಿನ ಪ್ರವಾಸಕ್ಕೆ ಮುಂಗಡ ಕೇಳಿದೆ. 'ಹಿಂದಿನ ಮುಂಗಡ ಇತ್ಯರ್ಥವಾಗಿಲ್ಲ' ಎಂದು ತಂತ್ರಾಂಶ ನನ್ನ ಕೋರಿಕೆಯನ್ನು ತಳ್ಳಿಹಾಕಿತು. ನನ್ನ ಖಾತೆಯಲ್ಲಿ ಸೊನ್ನೆ ಇರಬೇಕಿದ್ದ ಕಡೆ ಐವತ್ತು ಪೈಸೆ ಇತ್ತು. ಈ ಸಲ ಸಾಲಗಾರ ನಾನಲ್ಲ, ಸಂಸ್ಥೆ. ಆದರೆ ತಂತ್ರಾಂಶಕ್ಕೆ ಯಾರು ಯಾರಿಗೆ ಕೊಡಬೇಕೆಂಬುದು ಬೇಕಿಲ್ಲ, ಸೊನ್ನೆಯಲ್ಲದ್ದೆಲ್ಲ ಬಾಕಿಯೇ. ಐವತ್ತು ಪೈಸೆಯನ್ನು ಬಿಟ್ಟುಕೊಡುತ್ತೇನೆಂದು ಬರೆದೆ. ನೌಕರನಿಂದ ದೇಣಿಗೆ ಸ್ವೀಕರಿಸಲು ಅವಕಾಶವಿಲ್ಲವೆಂದು ಉತ್ತರಿಸಿದರು. ಹಾಗಾದರೆ ಕೊಟ್ಟುಬಿಡಿ ಎಂದೆ. ನಾಣ್ಯ ಇಲ್ಲವೆಂದರು. ದೇಶದಲ್ಲಿ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು 2011ರ ಜೂನ್ ಕೊನೆಗೆ ಚಲಾವಣೆ ಕಳೆದುಕೊಂಡವು, ಐವತ್ತು ಪೈಸೆ ಮಾತ್ರ ಇಂದಿಗೂ ಕಾನೂನಿನ ಪ್ರಕಾರ ನಡೆಯುವ ಹಣ. ಅದು ಅಂಗಡಿಯಲ್ಲಿ ನಡೆಯುವುದಿಲ್ಲ, ನಮ್ಮ ಲೆಕ್ಕ ವಿಭಾಗದಲ್ಲಿ ಮಾತ್ರ ನಡೆಯುತ್ತದೆ.

ಮನೆಯ ದೇವರ ಗೂಡಿನ ಡಬ್ಬಿಯಲ್ಲಿ ಹುಡುಕಿದಾಗ ಕುಂಕುಮ ಮೆತ್ತಿದ ಒಂದು ಐವತ್ತು ಪೈಸೆ ಸಿಕ್ಕಿತು. ಒರೆಸಿ ತಂದು, ಇದನ್ನೇ ನನಗೆ ಕೊಟ್ಟಂತೆ ಮಾಡಿ ಲೆಕ್ಕ ಮುಗಿಸಿ ಎಂದು ಕ್ಯಾಷಿಯರ್ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ರಸೀದಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ಕೌಂಟರಿನ ಮೇಲೆ ಬಂದ ಹಣಕ್ಕೆ ರಸೀದಿ ಕೊಡದೆ ಇರುವಂತಿಲ್ಲವಂತೆ. ಹೀಗೆ ಸಂಸ್ಥೆ ನನಗೆ ಕೊಡಬೇಕಾದದ್ದು ಒಂದು ರೂಪಾಯಿಗೆ ಏರಿತು. ಅವರು ಒಂದು ಕ್ಷಣ ಸುಮ್ಮನಿದ್ದು, ಡ್ರಾಯರಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ನನ್ನ ಕಡೆಗೆ ಸರಿಸಿದರು.

'ಇದಕ್ಕೆ ವೋಚರ್ ಮೇಲೆ ಸಹಿ ಹಾಕಿ ಸಾರ್,' ಎಂದರು. 'ಐದು ಸಾವಿರದ ಒಳಗಿದೆ, ಸ್ಟಾಂಪು ಬೇಡ.'