ಹದಿನಾಲ್ಕು ಮೊಳೆಗಳ ಲೆಕ್ಕ

ಶಿವಮೊಗ್ಗದಲ್ಲಿ ಬಾಡಿಗೆ ಜಾಗಕ್ಕೆ ಅಡ್ವಾನ್ಸ್ ಕೊಡುವುದು ಐದು ನಿಮಿಷದ ಕೆಲಸ. ಅದು ವಾಪಸ್ ಬರಬೇಕಾದರೆ ಮಾಲೀಕರ ತೋಟದಲ್ಲಿ ಅಡಿಕೆ ಕೊನೆ ಕೊಯ್ಲಾಗಬೇಕು, ಅಡಿಕೆ ಬೇಯಬೇಕು, ಒಣಗಬೇಕು, ಮಂಡಿ ಸೇರಬೇಕು, ಆಮೇಲೆ ರೇಟ್ ಏರಬೇಕು. ಏರಿದ ರೇಟ್ ಇನ್ನೂ ಸ್ವಲ್ಪ ಏರಬಹುದು, ಅಲ್ವಾ? ಅದಕ್ಕೂ ಕಾಯಬೇಕು.

ದುರ್ಗಿಗುಡಿಯ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ನನ್ನ ಆಫೀಸ್ ಇತ್ತು. ಬಾಡಿಗೆ 12,000, ಅಡ್ವಾನ್ಸ್ ಹತ್ತು ತಿಂಗಳದ್ದು, 1,20,000. ಐದು ವರ್ಷ ಇದ್ದು ಜೂನ್ 30ಕ್ಕೆ ಖಾಲಿ ಮಾಡಿದೆ. ಮಾಲೀಕರು ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದು ಕೊಟ್ಟರು. ಪೇಂಟಿಂಗ್ 22,000. ಗೋಡೆ ರಿಪೇರಿ 15,000. ಮೊಳೆ 14, ಒಂದಕ್ಕೆ 250ರಂತೆ 3,500. ಉಳಿದದ್ದು 79,500. “ಅದೂ ಈಗಿಲ್ಲ ಮಾರಾಯ್ರೆ, ಅಡಿಕೆ ಆಗ್ಲಿ.”

ಮೊದಲು ಆ ಗೋಡೆಯ ವಿಷಯ. ನಾನು ಬಂದ ದಿನವೇ ಅದರ ಮೇಲೆ ತೇವದ ಕಲೆಯೊಂದಿತ್ತು, ಥೇಟ್ ಕರ್ನಾಟಕದ ಮ್ಯಾಪ್. ಆಗ ಬೀದರಿನಿಂದ ದಾವಣಗೆರೆವರೆಗೆ ಇತ್ತು. ಐದು ಮಳೆಗಾಲದಲ್ಲಿ ಚಾಮರಾಜನಗರ ಮುಟ್ಟಿತು. ತಾರಸಿಯ ನೀರು ಹೋಗುವ ಪೈಪಿಗೆ ಎಲೆ ಕಟ್ಟಿಕೊಂಡಿದೆ ಎಂದು ಪ್ರತಿ ಜುಲೈನಲ್ಲೂ ವಾಟ್ಸಾಪ್ ಮಾಡಿದೆ. ಪ್ರತಿ ಜುಲೈನಲ್ಲೂ ಕೈ ಮುಗಿಯುವ ಚಿತ್ರ ಬಂತು. ಈಗ ನೋಡಿದರೆ ಆ ಬೂಸಲು ನಾನೇ ಬೆಳೆಸಿದ್ದಂತೆ!

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಇದಕ್ಕೆ ಉತ್ತರ ಇದೆ. ಬಾಡಿಗೆದಾರ ಜಾಗವನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು. ಆದರೆ ದಿನಬಳಕೆಯಲ್ಲಿ ಸಹಜವಾಗಿ ಆಗುವ ಸವಕಳಿ, ತಡೆಯಲಾಗದ ಶಕ್ತಿಯಿಂದಾದ ಬದಲಾವಣೆ ಇವೆರಡೂ ಅವನ ತಲೆ ಮೇಲಲ್ಲ. ತಡೆಯಲಾಗದ ಶಕ್ತಿ ಎಂದು ಬರೆದವನು ಆಗುಂಬೆ ಮಳೆ ನೋಡಿಯೇ ಬರೆದಿರಬೇಕು.

ಒಂದು ತೊಡಕಿದೆ. ಕರಾರಿನಲ್ಲಿ ಬೇರೆ ಮಾತಿದ್ದರೆ ಆ ಮಾತೇ ನಡೆಯುತ್ತದೆ. ನನ್ನ ಅಗ್ರಿಮೆಂಟಿನಲ್ಲಿ “ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ” ಎಂದಿತ್ತು, ಕೆಳಗೆ ನನ್ನದೇ ಸಹಿ. ಹಾಗಾಗಿ 12,000ಕ್ಕೆ ನಾನು ತಕರಾರು ತೆಗೆಯಲಿಲ್ಲ. 22,000 ಎಲ್ಲಿಂದ ಬಂತು ಎಂದು ಕೇಳಿದೆ. “ಪೇಂಟ್ ರೇಟ್ ಜಾಸ್ತಿ ಆಗಿದೆ” ಎಂದರು. ಅಡಿಕೆಗಿಲ್ಲದ ಅದೃಷ್ಟ!

ನಾನೂ ಕೂತು ಪತ್ರ ಬರೆದೆ. ಬಾಡಿಗೆ ಜೂನ್‌ವರೆಗೆ ಪೂರ್ತಿ ಸಂದಾಯ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿದೆ. ಮೆಸ್ಕಾಂ ಕೊನೆ ಬಿಲ್ಲು 1,140, ಇದು ನನ್ನದು. ಖಾಲಿ ಮಾಡಿದ ದಿನ ಮೀಟರಿನ ಫೋಟೋ ತೆಗೆದದ್ದಕ್ಕೆ ಆಮೇಲಿನ ಯೂನಿಟ್ ನನ್ನ ಲೆಕ್ಕಕ್ಕೆ ಬರಲಿಲ್ಲ. ಒಡೆದ ಸ್ವಿಚ್ ಬೋರ್ಡ್ 350, ಅದೂ ನನ್ನದೇ, ಕುರ್ಚಿ ತಾಗಿಸಿದ್ದು ನಾನೇ. ಪೇಂಟಿಂಗ್ 12,000. ಒಟ್ಟು ಕಡಿತ 13,490. ಬರಬೇಕಾದ್ದು 1,06,510. ಗೋಡೆಗೆ ಸೊನ್ನೆ, ಮೊಳೆಗೂ ಸೊನ್ನೆ. ಸೇರಿದ ದಿನದ ಫೋಟೋ, ಬಿಟ್ಟ ದಿನದ ಫೋಟೋ, ಐದು ಜುಲೈಗಳ ವಾಟ್ಸಾಪು ಎಲ್ಲ ಲಗತ್ತಿಸಿದೆ. 15 ದಿನದೊಳಗೆ ಈ ಖಾತೆಗೆ ಹಾಕಿ ಎಂದು ಬರೆದು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಂಡೆ. ನನ್ನ ತಪ್ಪನ್ನು ನಾನೇ ಮೊದಲು ಬರೆದದ್ದು ಒಳ್ಳೆಯದಾಯಿತು. 350 ರೂಪಾಯಿ ಒಪ್ಪಿಕೊಂಡವನು 15,000 ಒಪ್ಪದಿದ್ದರೆ ಓದುವವರಿಗೆ ಸ್ವಲ್ಪ ನಂಬಿಕೆ ಬರುತ್ತದೆ.

ಉತ್ತರ ಫೋನಿನಲ್ಲಿ ಬಂತು. “ಕೀ ಎಲ್ಲಿ ಕೊಟ್ಟಿದೀರಿ? ಕೀ ಕೊಡೋ ತನಕ ಬಾಡಿಗೆ ನಡೀತಿರುತ್ತೆ.” ಕೆಳಗಿನ ಅಂಗಡಿಯ ಹುಡುಗನ ಕೈಗೆ ಕೊಟ್ಟು ಬಂದಿದ್ದರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಪುಣ್ಯಕ್ಕೆ ಅವರ ಮಗನಿಗೇ ಕೊಟ್ಟು, “ಎರಡು ಕೀ ತಲುಪಿವೆ” ಎಂದು ಬರೆಸಿ, ತಾರೀಕು ಹಾಕಿಸಿ ಸಹಿ ತಗೊಂಡಿದ್ದೆ. ಅದರ ಫೋಟೋ ಕಳಿಸಿದೆ. ಮತ್ತೆ ಕೈ ಮುಗಿಯುವ ಚಿತ್ರ ಬಂತು.

ಹದಿನೈದು ದಿನವೂ ಕಳೆಯಿತು. ಟಪಾಲು ಏನಾದರೂ ಬಂದಿದೆಯಾ ಎಂದು ಹಳೇ ಆಫೀಸಿಗೆ ಹೋದೆ. ಹೊಸಬರು ಬಂದು ಕೂತಿದ್ದಾರೆ. ಗೋಡೆ ಹಾಗೇ ಇದೆ, ಚಾಮರಾಜನಗರ ಸಮೇತ. ಪೇಂಟರ್ ಇತ್ತ ತಲೆ ಹಾಕಿದಂತಿಲ್ಲ. ನನ್ನ ಒಂದು ಮೊಳೆಗೆ ಗಣಪತಿ ಫೋಟೋ, ಇನ್ನೊಂದಕ್ಕೆ ಗಡಿಯಾರ, ಮತ್ತೊಂದಕ್ಕೆ ಒದ್ದೆ ಛತ್ರಿ.

ಬಂದವನೇ ಎರಡನೇ ಪತ್ರ ಶುರು ಮಾಡಿದೆ. ಲೆಕ್ಕವೆಲ್ಲ ಅದೇ, ಕೊನೆಗೆ ಒಂದು ಸಾಲು ಹೆಚ್ಚು: “14 ಮೊಳೆಗಳ ಪೈಕಿ 3 ಈಗ ಬಳಕೆಯಲ್ಲಿವೆ. ಒಂದಕ್ಕೆ 250ರಂತೆ ಬೆಲೆ ತಾವೇ ಕಟ್ಟಿರುವುದರಿಂದ, ಅವುಗಳ ಅಡ್ವಾನ್ಸ್ ಎಷ್ಟು ಎಂದು ತಿಳಿಸಿ.”