ಸೋಲುವವರು ಬೇಕಾಗಿದ್ದಾರೆ

1976ರ ಮೆಕ್ಸಿಕೋ ಅಧ್ಯಕ್ಷ ಚುನಾವಣೆ. ಕಣದಲ್ಲಿ ಮೂರು ಪಕ್ಷಗಳು. ಮೂರಕ್ಕೂ ಅಭ್ಯರ್ಥಿ ಒಬ್ಬರೇ, ಹೊಸೆ ಲೋಪೆಸ್ ಪೋರ್ತಿಯೊ! ಆಳುವ ಪಕ್ಷ ‘ಪ್ರಿ’ ಅವರನ್ನು ನಿಲ್ಲಿಸಿತು. ಉಳಿದ ಎರಡು ಪುಟ್ಟ ಪಕ್ಷಗಳು ಅಳೆದು ತೂಗಿ ಅವರೇ ಸರಿ ಅಂದವು. ನಿಜವಾದ ವಿರೋಧ ಪಕ್ಷ ‘ಪಾನ್’ ಒಳಜಗಳದಲ್ಲಿ ಅಭ್ಯರ್ಥಿಯನ್ನೇ ಆರಿಸಲಾಗದೆ ಸುಮ್ಮನಾಯಿತು. ಕಮ್ಯುನಿಸ್ಟರ ವಲೆಂತಿನ್ ಕಾಂಪಾ ಪ್ರಚಾರ ಮಾಡಿದರು ನಿಜ, ಆದರೆ ಅವರ ಪಕ್ಷಕ್ಕೆ ನೋಂದಣಿ ಇರಲಿಲ್ಲ. ಅವರ ಹೆಸರು ಬರೆದು ಹಾಕಿದ ಮತಗಳು ಲೆಕ್ಕಕ್ಕೇ ಬರಲಿಲ್ಲ.

ಎದುರಾಳಿ ಇಲ್ಲ ಅಂತ ಪೋರ್ತಿಯೊ ಮನೆಯಲ್ಲಿ ಕೂತರಾ? ಇಲ್ಲ. ದೇಶವಿಡೀ ಸುತ್ತಿ ಭಾಷಣ ಮಾಡಿದರು. ಅವರ ಘೋಷಣೆ, ‘ಪರಿಹಾರ ನಾವೆಲ್ಲರೂ’. ಪರಿಹಾರ ಎಲ್ಲರೂ, ಅಭ್ಯರ್ಥಿ ಮಾತ್ರ ಒಬ್ಬರು.

ನಗಬೇಡಿ. ಆ ಸುತ್ತಾಟ ದಂಡವಲ್ಲ, ಮತದಾರರಿಗಾಗಿಯೂ ಅಲ್ಲ. ಅಲ್ಲಿ ಮುಂದಿನ ಅಧ್ಯಕ್ಷ ಯಾರು ಅಂತ ಹಾಲಿ ಅಧ್ಯಕ್ಷರೇ ಬೆರಳು ತೋರಿಸುತ್ತಿದ್ದರು. ಅದಕ್ಕೆ ಜನ ಇಟ್ಟ ಹೆಸರು ‘ದೆದಾಸೊ’, ಅಂದರೆ ದೊಡ್ಡ ಬೆರಳು. ಒಂದು ಬೆರಳು ಒಬ್ಬರನ್ನು ತೋರಿಸಿದರೆ, ಕುರ್ಚಿಗೆ ಆಸೆಪಟ್ಟ ಉಳಿದ ಮಂತ್ರಿಗಳೆಲ್ಲ ಹಲ್ಲು ಕಡಿಯುತ್ತಾರೆ, ಅಲ್ವಾ? ಸರ್ವಾಧಿಕಾರಿಗೆ ನಿಜವಾದ ಭಯ ಎದುರುಮನೆಯವರದ್ದಲ್ಲ, ಒಂದೇ ಪಂಕ್ತಿಯಲ್ಲಿ ಕೂತು ಉಂಡವರದ್ದು. ಅವರಲ್ಲೊಬ್ಬ ಪಕ್ಷ ಒಡೆದು ಹೊರಗೆ ಹೋದರೆ ಕಷ್ಟ. ಹಾಗಾಗಿ ಐವತ್ತೊಂದು ಶೇಕಡಾ ಸಾಲದು. ತೊಂಬತ್ತು ಬೇಕು. ಲಾರಿಗಟ್ಟಲೆ ಜನ ಬೇಕು. ಅದನ್ನು ನೋಡಿದ ಅತೃಪ್ತ ಮಂತ್ರಿ, ಹೊರಗೆ ಹೋದರೆ ಠೇವಣಿಯೂ ಉಳಿಯಲ್ಲ ಅಂತ ತೆಪ್ಪಗಾಗಬೇಕು. ಚುನಾವಣೆ ಅನ್ನುವುದು ಅವನಿಗೆ ಆರು ವರ್ಷಕ್ಕೊಮ್ಮೆ ಬರುವ ನೋಟಿಸ್.

ಆದರೆ 1976ರಲ್ಲಿ ಒಂದು ಎಡವಟ್ಟಾಯಿತು. ಎಣಿಕೆಗೆ ಬಂದ ಮಾನ್ಯ ಮತಗಳೆಲ್ಲ ಪೋರ್ತಿಯೊಗೇ ಬಿದ್ದವು. ಎದುರಿಗೆ ಯಾರೂ ಇಲ್ಲದ ಕುಸ್ತಿಯಲ್ಲಿ ತೊಡೆ ತಟ್ಟಿದರೆ ಯಾರು ಹೆದರುತ್ತಾರೆ? ಮರುವರ್ಷವೇ ಸರ್ಕಾರ ಕಾನೂನು ತಿದ್ದಿತು. ಕಮ್ಯುನಿಸ್ಟರು ಚುನಾವಣೆಗೆ ನಿಲ್ಲಲು ದಾರಿ ಮಾಡಿಕೊಟ್ಟಿತು. ಕೆಳಮನೆಯ 400 ಸೀಟುಗಳಲ್ಲಿ 100 ಸೀಟನ್ನು ಸಣ್ಣ ಪಕ್ಷಗಳಿಗಾಗಿ ಎತ್ತಿಟ್ಟಿತು. ದಯವಿಟ್ಟು ಬಂದು ಸೋಲಿ, ಸೋತರೂ ಕೂರಲು ಜಾಗ ಇದೆ! ಇದನ್ನು ಉದಾರತೆ ಅಂದವರೂ ಇದ್ದರು. ಆ ವಿರೋಧಿಗಳು ಬೀದಿಯಲ್ಲಿರುವುದಕ್ಕಿಂತ ಸದನದಲ್ಲಿ ಭತ್ಯೆ ತಗೊಂಡು ಕೂಗುವುದು ವಾಸಿ ಅನ್ನುವ ಲೆಕ್ಕವೂ ಅದರಲ್ಲಿತ್ತು.

ಚುನಾವಣೆಯ ಇನ್ನೊಂದು ಉಪಯೋಗ, ಯಾವ ಊರು ಮುನಿಸಿಕೊಂಡಿದೆ ಅಂತ ತಿಳಿಯುವುದು. ಮತ ಕಮ್ಮಿ ಬಿದ್ದ ಕಡೆ ಒಂದು ರಸ್ತೆ ಹಾಕಿಸಬಹುದು, ಇಲ್ಲವೇ ಬಂದಿದ್ದ ದುಡ್ಡು ನಿಲ್ಲಿಸಬಹುದು. ಆದರೆ ಊರಿನ ಪುಢಾರಿಗೆ ತನ್ನ ಕುರ್ಚಿಯ ಚಿಂತೆ. ಮೇಲಿನವರಿಗೆ ಒಳ್ಳೆ ಅಂಕಿ ತೋರಿಸಬೇಕು. ಮತದಾನ ಶುರುವಾಗುವ ಮೊದಲೇ ಪೆಟ್ಟಿಗೆ ತುಂಬಿರುತ್ತದೆ. ಅಂಥದ್ದನ್ನು ಮೆಕ್ಸಿಕೋದಲ್ಲಿ ‘ಬಸುರಿ ಪೆಟ್ಟಿಗೆ’ ಅಂತಲೇ ಕರೆಯುತ್ತಾರೆ. ಹಾಗೆ ತುಂಬಿದ ಅಂಕಿಯನ್ನು ರಾಜಧಾನಿಯಲ್ಲಿ ಕೂತು ಜನರ ಮನಸ್ಸು ಅಂತ ಓದುವುದು, ತಾನೇ ಬಿಸಿನೀರಲ್ಲಿ ಅದ್ದಿದ ಥರ್ಮಾಮೀಟರ್ ನೋಡಿ ಜ್ವರ ಹೇಳಿದ ಹಾಗೆ.

ಆ ಜ್ವರ 1988ರಲ್ಲಿ ಏರಿತು. ಹಿಂದಿನ ಅಧ್ಯಕ್ಷರೊಬ್ಬರ ಮಗ ಕ್ವಾವ್ತೆಮೊಕ್ ಕಾರ್ದೆನಾಸ್, ಬೆರಳಿನ ಆಯ್ಕೆ ಒಪ್ಪದೆ ಪ್ರಿ ಪಕ್ಷ ಬಿಟ್ಟು ಎದುರು ನಿಂತರು. ಹೆದರಿದ್ದು ಸರಿಯಾಗಿಯೇ ಇತ್ತು, ಪಂಕ್ತಿಯಲ್ಲಿ ಉಂಡವರೇ ಎದ್ದಿದ್ದರು. ಜುಲೈ 6ರ ರಾತ್ರಿ ಬಂದ ಮೊದಲ ಅಂಕಿಗಳು ಕಾರ್ದೆನಾಸ್ ಕಡೆ ವಾಲಿದವು. ತಕ್ಷಣ ಎಣಿಕೆಯ ಕಂಪ್ಯೂಟರ್‌ಗೆ ಸುಸ್ತಾಯಿತು. ‘ಸಿಸ್ಟಮ್ ಬಿತ್ತು’ ಅನ್ನುವ ಮಾತು ಅಲ್ಲಿ ಈಗಲೂ ಗಾದೆಯ ಹಾಗೆ ಓಡಾಡುತ್ತದೆ. ಕೊನೆಗೆ ಪ್ರಿ ಅಭ್ಯರ್ಥಿ ಕಾರ್ಲೋಸ್ ಸಲಿನಾಸ್ ಶೇಕಡಾ 50 ಚಿಲ್ಲರೆ ಪಡೆದು ಗೆದ್ದರು ಅಂತ ಘೋಷಣೆ ಆಯಿತು. ಬಿದ್ದ ಸಿಸ್ಟಮ್‌ಗೆ ಅರ್ಧದ ಗೆರೆ ಎಲ್ಲಿದೆ ಅಂತ ಮಾತ್ರ ಚೆನ್ನಾಗಿ ನೆನಪಿತ್ತು.

ಈ ಗೆಲುವು ಯಾರನ್ನೂ ಹೆದರಿಸಲಿಲ್ಲ. ಆ ಹೊತ್ತಿಗೆ 500 ಸೀಟಾಗಿದ್ದ ಕೆಳಮನೆಯಲ್ಲಿ ಪ್ರಿ ಪಕ್ಷಕ್ಕೆ ಸಿಕ್ಕಿದ್ದು 260. ಸಂವಿಧಾನ ತಿದ್ದಲು ಬೇಕಾದ ಮೂರನೇ ಎರಡು ಭಾಗ ಕೈತಪ್ಪಿತು. ಇನ್ನು ಪ್ರತಿ ತಿದ್ದುಪಡಿಗೂ ಪಾನ್ ಬಾಗಿಲು ತಟ್ಟಬೇಕು.

ಮತಪತ್ರಗಳು ಸಂಸತ್ತಿನ ನೆಲಮಾಳಿಗೆಯಲ್ಲಿದ್ದವು. ತೆಗೆದು ಎಣಿಸೋಣ ಅಂತ ವಿರೋಧಿಗಳು ಕೇಳುತ್ತಲೇ ಇದ್ದರು, ಕಾವಲಿಗೆ ಸೈನಿಕರು ನಿಂತಿದ್ದರು. ಕೆಲವು ವರ್ಷಗಳ ನಂತರ ಪ್ರಿ ಮತ್ತು ಪಾನ್ ಸದಸ್ಯರು ಸೇರಿ ಒಂದು ನಿರ್ಣಯ ಮಾಡಿ, ಆ ಗೆಲುವಿನ ಕಾಗದಗಳನ್ನೆಲ್ಲ ಸುಡಿಸಿದರು.