ಮೂರು ವೋಲ್ಟಿನ ಮರೆವು

ರಾತ್ರಿ ಹತ್ತೂವರೆ. ಊಟ ಮುಗಿದಿದೆ, ಡಿಸ್ಕಾರ್ಡ್‌ನಲ್ಲಿ ನಾಲ್ವರು ಆಗಲೇ ಕೂತು ಆಕಳಿಸುತ್ತಿದ್ದಾರೆ. ಐದನೆಯವನು ವ್ಯಾಲರಂಟ್ ತೆರೆಯುತ್ತಾನೆ. ಪರದೆಯ ನಡುವೆ ಒಂದು ಪೆಟ್ಟಿಗೆ ಏಳುತ್ತದೆ: VAN9003. ಸೆಕ್ಯೂರ್ ಬೂಟ್ ಆನ್ ಇದ್ದರೆ ಮಾತ್ರ ಆಟ, ಇಲ್ಲವಾದರೆ ಇಲ್ಲ. ನಿನ್ನೆ ರಾತ್ರಿ ಇದೇ ಕಂಪ್ಯೂಟರಿನಲ್ಲಿ, ಇದೇ ಕುರ್ಚಿಯಲ್ಲಿ, ಒಂದು ಗಂಟೆಯ ತನಕ ಆಡಿದ್ದಾಗಿದೆ. ಆಗ ಬೇಡವಾಗಿದ್ದ ಭದ್ರತೆ ಈಗ ಯಾಕಪ್ಪಾ ಬೇಕಾಯ್ತು?

ಇದು ಒಬ್ಬನ ಕಷ್ಟವಾಗಿ ಉಳಿದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಈ ಆಟದ ಕಾಂಪಿಟಿಟಿವ್ ಪಂದ್ಯಕ್ಕೆ ಒಬ್ಬರೇ ಹೋಗಬಹುದು, ಇಬ್ಬರು ಹೋಗಬಹುದು, ಮೂವರು ಹೋಗಬಹುದು, ಐವರೂ ಹೋಗಬಹುದು. ನಾಲ್ವರು ಮಾತ್ರ ಹೋಗುವಂತಿಲ್ಲ. ನಾಲ್ವರು ಗೆಳೆಯರ ನಡುವೆ ಸಿಕ್ಕಿಬಿದ್ದ ಐದನೆಯ ಅಪರಿಚಿತನ ಪಾಡು ಏನು ಎಂಬ ಕರುಣೆ ಅದು. ಹಾಗಾಗಿ ಒಬ್ಬನ ಬಯಾಸ್, ಅಂದರೆ ಕಂಪ್ಯೂಟರನ್ನು ಮೊದಲು ಎಬ್ಬಿಸುವ ತಂತ್ರಾಂಶ, ಕೈಕೊಟ್ಟರೆ ಉಳಿದವರು ಇಬ್ಬರಿಬ್ಬರಾಗಿ ಒಡೆಯಬೇಕು, ಇಲ್ಲವೇ ಮೂವರು ಆಡಿ ಒಬ್ಬ ಹಾಲು ಕುಡಿದು ಮಲಗಬೇಕು. ಹಾಲು ಕುಡಿಯುವವನು ಯಾರು ಎಂದು ತೀರ್ಮಾನವಾಗುವ ಹೊತ್ತಿಗೆ ಹನ್ನೊಂದೂಕಾಲು.

ಅಷ್ಟರಲ್ಲಿ ಸಲಹೆಗಳ ಮಳೆ. "ಆಡ್ಮಿನ್ ಆಗಿ ರನ್ ಮಾಡು ಗುರು." "ಆಂಟಿವೈರಸ್ ತೆಗಿ." ಹೈಕಮಾಂಡ್ ಆದೇಶದಂತೆ ಎಲ್ಲರೂ ಕೊನೆಗೆ ಒಪ್ಪುವ ಮಾತು: "ಲೋ, ರೀಇನ್‌ಸ್ಟಾಲ್ ಹೊಡಿ ಮಗಾ." ಹತ್ತಾರು ಜಿಬಿ ಇಳಿದು, ಎರಡು ಸಲ ರೀಸ್ಟಾರ್ಟ್ ಆಗಿ, ಮತ್ತೆ ಅದೇ ಪೆಟ್ಟಿಗೆ. ಯಾಕೆಂದರೆ ತೊಂದರೆ ಇರುವುದು ಆಟದಲ್ಲಲ್ಲ, ವಿಂಡೋಸಿನಲ್ಲೂ ಅಲ್ಲ. ಅವೆರಡೂ ಏಳುವುದಕ್ಕೆ ಮೊದಲೇ ಏಳುವ ಮದರ್‌ಬೋರ್ಡಿನಲ್ಲಿ.

ಕಾವಲುಗಾರನ ಕಡೆಯ ವಾದವನ್ನೂ ಕೇಳಬೇಕು. ಈ ಆಟ ಮಾಡಿದ ರಯಟ್ ಕಂಪನಿಯ, ಮೋಸದಾಟ ಹಿಡಿಯುವ ತಂತ್ರಾಂಶ ವ್ಯಾನ್‌ಗಾರ್ಡ್ 2020ರಲ್ಲಿ ಆಟದ ಜೊತೆಗೇ ಬಂದದ್ದು. ಅದರ ಡ್ರೈವರ್, vgk.sys ಎಂಬ ಕಡತ, ಆಟ ತೆರೆದಾಗ ಅಲ್ಲ, ಕಂಪ್ಯೂಟರ್ ಏಳುವಾಗಲೇ ವಿಂಡೋಸಿನ ತಿರುಳಾದ ಕರ್ನಲ್‌ಗೆ ಬಂದು ಕೂರುತ್ತದೆ. (ಗಡಿಯಾರದ ಪಕ್ಕದ ಕೆಂಪು ಚಿಹ್ನೆಯನ್ನು ರೈಟ್ ಕ್ಲಿಕ್ ಮಾಡಿ ಎಕ್ಸಿಟ್ ಕೊಟ್ಟವರು ಮತ್ತೆ ಆಡಲು ರೀಸ್ಟಾರ್ಟ್ ಮಾಡಲೇಬೇಕಾದದ್ದು ಇದಕ್ಕೇ.) ಆದರೆ ಮೋಸದ ತಂತ್ರಾಂಶ ಬರೆಯುವವರು ಅದಕ್ಕಿಂತ ಮೊದಲೇ ಏಳಲು ಕಲಿತರು. ಕಲ್ಯಾಣ ಮಂಟಪದ ಗೇಟಿಗೆ ಕಾವಲುಗಾರ ಬರುವ ಮುಂಚೆಯೇ ಅಡುಗೆಯವರ ಲಾರಿಯಲ್ಲಿ ಕೂತು ಒಳಗೆ ಬಂದವನನ್ನು ಗೇಟಿನಲ್ಲಿ ಹಿಡಿಯುವುದು ಹೇಗೆ? ಸೆಕ್ಯೂರ್ ಬೂಟ್ ಆ ಲಾರಿಯ ತಪಾಸಣೆ. ಮದರ್‌ಬೋರ್ಡಿನಲ್ಲಿರುವ ಕೀಲಿಗಳಿಗೆ ಹೊಂದುವ ಸಹಿ ಇಲ್ಲದ ಬೂಟ್ ಲೋಡರನ್ನು ಅದು ಏಳಲು ಬಿಡುವುದಿಲ್ಲ. ವಿಂಡೋಸ್ 11ರಲ್ಲಿ ವ್ಯಾನ್‌ಗಾರ್ಡ್ ಇದನ್ನು ಕಡ್ಡಾಯ ಮಾಡಿದೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಬೇಕು, ಅದು ಆಫ್ ಇದ್ದರೆ ಬರುವ ಸಂಖ್ಯೆ VAN9001. ಒಂಬತ್ತು ಸಾವಿರದ ಮೂರೋ ಒಂದೋ ಎಂದು ನೋಡಿಕೊಂಡರೆ ಅರ್ಧ ಹುಡುಕಾಟ ಮುಗಿಯಿತು. ಉಳಿದರ್ಧಕ್ಕೆ ಸ್ಟಾರ್ಟ್ ಮೆನುವಿನಲ್ಲಿ msinfo32 ಎಂದು ಬರೆದು, ಬರುವ ಪಟ್ಟಿಯಲ್ಲಿ ಎರಡು ಸಾಲು ಓದಿದರೆ ಸಾಕು: BIOS Mode ಎದುರು UEFI ಇರಬೇಕು, Secure Boot State ಎದುರು On ಇರಬೇಕು.

BIOS Mode ಎದುರು Legacy ಇದ್ದವರು ಮಾತ್ರ ಒಂದು ನಿಮಿಷ ನಿಲ್ಲಿ. ನಿಮ್ಮ ಡಿಸ್ಕ್ ಹಳೆಯ ಎಂಬಿಆರ್ ಪದ್ಧತಿಯದು. ಅದನ್ನು ಹೊಸ ಜಿಪಿಟಿ ಪದ್ಧತಿಗೆ ಬದಲಿಸದೆ ಬಯಾಸ್‌ಗೆ ಹೋಗಿ, ಹಳೆಯ ರೀತಿಯಲ್ಲಿ ಏಳಲು ಬಿಡುವ ಸಿಎಸ್‌ಎಂ ಆಫ್ ಮಾಡಿದರೆ ಆಟ ಹಾಗಿರಲಿ, ವಿಂಡೋಸೇ ಏಳುವುದಿಲ್ಲ. ಬೇಕಾದ ಕಡತಗಳನ್ನು ಬೇರೆಡೆ ಉಳಿಸಿ, ಆಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಮೊದಲ ಸಾಲು ಹೊಡೆಯಿರಿ. ಅದು ಸರಿ ಎಂದರೆ ಮಾತ್ರ ಎರಡನೆಯದು:

```
mbr2gpt /validate /disk:0 /allowFullOS
mbr2gpt /convert /disk:0 /allowFullOS
```

ಇಲ್ಲಿ 0 ಎಂಬುದು ವಿಂಡೋಸ್ ಇರುವ ಡಿಸ್ಕಿನ ಸಂಖ್ಯೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನೋಡಿಕೊಂಡೇ ಹಾಕಿ.

ಇನ್ನು ಬಯಾಸ್. ಕಂಪ್ಯೂಟರ್ ಏಳುವಾಗ ಡಿಲೀಟ್ ಕೀಯನ್ನು ಬಾಗಿಲು ಬಡಿದಂತೆ ಬಡಿದು ಒಳಹೊಕ್ಕರೆ, ಇಂಟೆಲ್ ಬೋರ್ಡಿನಲ್ಲಿ ಟಿಪಿಎಂಗೆ ಪಿಟಿಟಿ ಎಂದು ಹೆಸರು, ಎಎಂಡಿಯಲ್ಲಿ ಎಫ್‌ಟಿಪಿಎಂ. ಅದನ್ನು ಆನ್ ಮಾಡಬೇಕು, ಸಿಎಸ್‌ಎಂ ಆಫ್ ಮಾಡಬೇಕು, ಆಮೇಲೆ ಸೆಕ್ಯೂರ್ ಬೂಟ್. ಇಲ್ಲೊಂದು ಸರ್ಕಾರಿ ಕಚೇರಿಯ ಮಜಾ ಇದೆ. ಕೆಲವು ಬೋರ್ಡ್‌ಗಳಲ್ಲಿ ಮೇಲಿನ ಸಾಲಿನಲ್ಲಿ Enabled ಎಂದಿರುತ್ತದೆ, ಕೆಳಗಿನ ಸಾಲಿನಲ್ಲೇ Not Active. ನೇಮಕ ಆಗಿದೆ, ಕೆಲಸಕ್ಕೆ ಹಾಜರಾಗಿಲ್ಲ. ಕಾರಣ, ಕಾರ್ಖಾನೆಯ ಕೀಲಿಗಳು ಇನ್ನೂ ಒಳಗೆ ಕೂತಿಲ್ಲ, ಬೋರ್ಡ್ ಸೆಟಪ್ ಮೋಡಿನಲ್ಲೇ ಇದೆ. Restore Factory Keys ಎಂಬಂಥ ಸಾಲನ್ನು ಹುಡುಕಿ ಒತ್ತಿ, ಉಳಿಸಿ ಹೊರಬಂದರೆ ನೌಕರ ಹಾಜರ್.

ಇಷ್ಟಾದ ಮೇಲೆ ಆಟ ನಡೆಯುತ್ತದೆ. ಐವರೂ ಒಳಗೆ. ಮುಂಬೈ ಸರ್ವರ್, ಒಳ್ಳೆಯ ಪಿಂಗ್, ಮಧ್ಯರಾತ್ರಿ ದಾಟಿ ಒಂದು ಗೆಲುವು. ಮಾರನೆಯ ರಾತ್ರಿ ಹತ್ತೂವರೆ. VAN9003.

ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಕಂಪನಿಯನ್ನು ಬೈಯುತ್ತಾರೆ, ವಿಂಡೋಸ್ ಅಪ್‌ಡೇಟನ್ನು ಬೈಯುತ್ತಾರೆ. ಅಪರಾಧಿ ಪಕ್ಕದ ಕೋಣೆಯಲ್ಲಿ ಮಲಗಿರುತ್ತಾಳೆ. ಅಮ್ಮ.

ನಮ್ಮ ಮನೆಗಳ ಅಮ್ಮಂದಿರಿಗೆ ಮಲಗುವ ಮುಂಚೆ ಅಥವಾ ಎದ್ದ ಕೂಡಲೇ ಒಂದು ಸುತ್ತು ಇರುತ್ತದೆ. ಗ್ಯಾಸಿನ ನಾಬ್, ಹಿತ್ತಿಲ ಬಾಗಿಲಿನ ಚಿಲಕ, ಗೀಸರಿನ ಸ್ವಿಚ್, ಕೊನೆಗೆ ಕಂಪ್ಯೂಟರಿನ ಸ್ವಿಚ್‌ಬೋರ್ಡು. ಗೋಡೆಯ ಮೇಲಿನ ಆ ಸಣ್ಣ ಕೆಂಪು ದೀಪ ಅವರ ಪಾಲಿಗೆ ಬೆಸ್ಕಾಂ ಬಿಲ್ಲಿನ ರಕ್ತಸ್ರಾವ. "ರಾತ್ರಿಯಿಡೀ ಸುಮ್ನೆ ಉರೀತಿತ್ತಲ್ಲೋ, ಆರಿಸ್ದೆ" ಎನ್ನುತ್ತಾರೆ. ಕೆಳಗೆ ಶಟ್ ಡೌನ್ ಆದ ಕಂಪ್ಯೂಟರ್ ಇದೆ, ಅದರಿಂದ ನಷ್ಟವಿಲ್ಲ ಎಂದು ವಿವರಿಸಲು ಹೋದವರಿಗೆ "ಸಿಡಿಲು ಬಿದ್ರೆ?" ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ, ಡಿಸೆಂಬರ್ ತಿಂಗಳಾದರೂ. ಸ್ವಿಚ್ಚಿನ ಮೇಲೆ "ಆರಿಸಬೇಡಿ" ಎಂದು ಟೇಪ್ ಅಂಟಿಸಿ ನೋಡಿ. ಟೇಪ್ ಹಾಗೇ ಇರುತ್ತದೆ, ಸ್ವಿಚ್ ಆರಿರುತ್ತದೆ. ಸ್ಪೈಕ್ ಗಾರ್ಡ್ ಕೊಂಡು ಮೇಜಿನ ಹಿಂದೆ ಬಚ್ಚಿಟ್ಟರೆ ಶುಕ್ರವಾರ ಗುಡಿಸುವಾಗ ಅದೂ ಸಿಗುತ್ತದೆ. ಸೆಕ್ಯೂರ್ ಬೂಟಿಗೆ ಇಲ್ಲದ ಶ್ರದ್ಧೆ ಅದು.

ಅಮ್ಮನ ಮೇಲೆ ಪೂರ್ತಿ ತಪ್ಪು ಹೊರಿಸುವಂತಿಲ್ಲ, ಯಾಕೆಂದರೆ ಐದಾರು ವರ್ಷದಿಂದ ಆಕೆ ಆರಿಸುತ್ತಲೇ ಬಂದಿದ್ದಾಳೆ, ಆಗೆಲ್ಲ ಏನೂ ಆಗಿರಲಿಲ್ಲ. ಶಟ್ ಡೌನ್ ಮಾಡಿದ ಮೇಲೂ ಗೋಡೆಯ ಸ್ವಿಚ್ ಆನ್ ಇದ್ದರೆ ಪವರ್ ಸಪ್ಲೈ ಮದರ್‌ಬೋರ್ಡಿಗೆ ಸಣ್ಣದಾಗಿ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಗಡಿಯಾರವೂ ಬಯಾಸ್ ಸೆಟ್ಟಿಂಗ್‌ಗಳ ನೆನಪೂ ಅದರಲ್ಲೇ ನಡೆಯುತ್ತವೆ. ಸ್ವಿಚ್ ಆರಿದಾಗ ಆ ಹೊಣೆ ಬೋರ್ಡಿನ ಮೇಲಿರುವ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯದು. ಎಸ್.ಪಿ. ರೋಡಿನಲ್ಲಿ 2019ರಲ್ಲಿ ಜೋಡಿಸಿಕೊಂಡು ತಂದ ಕಂಪ್ಯೂಟರ್ ಎಂದಿಟ್ಟುಕೊಳ್ಳಿ, ಆ ಬ್ಯಾಟರಿ ಇಷ್ಟು ಹೊತ್ತಿಗೆ ಮುಪ್ಪಾಗಿರುತ್ತದೆ. ಅದು ಸತ್ತ ಮೇಲೆ ಸ್ವಿಚ್ ಆರಿಸಿದರೆ ಹಲವು ಬೋರ್ಡ್‌ಗಳು ಎಲ್ಲ ಮರೆತು ಕಾರ್ಖಾನೆಯ ದಿನಕ್ಕೆ ಮರಳುತ್ತವೆ. ಆ ಕಾಲದ ಬೋರ್ಡ್‌ಗಳಿಗೆ ಕಾರ್ಖಾನೆಯ ದಿನವೆಂದರೆ ಸಾಮಾನ್ಯವಾಗಿ ಸಿಎಸ್‌ಎಂ ಆನ್, ಸೆಕ್ಯೂರ್ ಬೂಟ್ ಆಫ್, ಎಷ್ಟೋ ಸಲ ಪಿಟಿಟಿಯೂ ಆಫ್. ವಿಂಡೋಸ್ ಮಾತ್ರ ಏನೂ ಆಗದವರಂತೆ ಏಳುತ್ತದೆ, ಆಫೀಸಿನ ಕೆಲಸವೂ ನಡೆಯುತ್ತದೆ. ಬಾಗಿಲಲ್ಲಿ ತಡೆಯುವುದು ಆಟವೊಂದೇ.

ಸುಳಿವುಗಳು ಇದ್ದೇ ಇರುತ್ತವೆ, ನಾವೇ ಅಳಿಸಿಹಾಕುತ್ತೇವೆ. ಆನ್ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ, ಸೆಟಪ್‌ಗೆ F1 ಒತ್ತಿ, ಡಿಫಾಲ್ಟ್ ಹಾಕಿಕೊಂಡು ಮುಂದೆ ಹೋಗಲು F2 ಒತ್ತಿ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಅದನ್ನು ಪೂರ್ತಿ ಓದಿದವರು ಇನ್ನೂ ಹುಟ್ಟಿಲ್ಲ, ಎಲ್ಲರೂ F2. ಗಡಿಯಾರ ಯಾವುದೋ ಹಳೆಯ ಜನವರಿ 1 ತೋರಿಸುತ್ತದೆ, ಆದರೆ ವೈಫೈ ಸಿಕ್ಕಿದ ಸ್ವಲ್ಪ ಹೊತ್ತಿನಲ್ಲಿ ವಿಂಡೋಸ್ ಅದನ್ನು ಸದ್ದಿಲ್ಲದೆ ತಿದ್ದಿ ಸಾಕ್ಷ್ಯ ನಾಶ ಮಾಡುತ್ತದೆ. ಟಿಪಿಎಂ ಆಫ್ ಆಗಿದ್ದರೆ ಕೆಲವೊಮ್ಮೆ ಲಾಗಿನ್ ಪಿನ್ ಕೆಲಸ ಮಾಡದೆ ಪಾಸ್‌ವರ್ಡ್ ಕೇಳುತ್ತದೆ. ಇವುಗಳಲ್ಲಿ ಯಾವುದಾದರೂ ಎರಡು ಕಂಡರೆ ರೀಇನ್‌ಸ್ಟಾಲ್ ಮಾತೆತ್ತಿದವನನ್ನು ಮ್ಯೂಟ್ ಮಾಡಿ ಅಂಗಡಿಗೆ ಹೊರಡಿ.

ಬೇಕಾದದ್ದು CR2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂದು ಆ ಸಂಖ್ಯೆಯೇ ಹೇಳುತ್ತದೆ. ವಾಚ್ ರಿಪೇರಿ ಅಂಗಡಿಯವರು "ಎರಡೂ ಒಂದೇ ಸಾರ್" ಎಂದು CR2025 ಕೊಡಬಹುದು. ವೋಲ್ಟ್ ಒಂದೇ, ಅಗಲ ಒಂದೇ, ದಪ್ಪ 2.5. ಅದು ಹಿಡಿಯಲ್ಲಿ ಸಡಿಲವಾಗಿ ಕೂತು, ಕುರ್ಚಿ ಕಾಲು ತಾಗಿದಾಗೆಲ್ಲ ಬೋರ್ಡಿಗೆ ನೆನಪು ಹೋಗುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಇದ್ದರೆ ಕೈ ಹಾಕುವ ಮೊದಲು 48 ಅಂಕಿಯ ರಿಕವರಿ ಕೀ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಬಯಾಸ್ ಬದಲಾದರೆ ಅದು ಕೇಳಬಹುದು, ಕೊಡಲಿಲ್ಲವೆಂದರೆ ಮದುವೆ ಆಲ್ಬಮ್ಮೂ ಒಳಗೇ.

ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಉಳಿದ ಕರೆಂಟು ಇಳಿಸಿ, ಪಕ್ಕದ ಬಾಗಿಲು ತೆಗೆಯಿರಿ. ಬ್ಯಾಟರಿ ಎಷ್ಟೋ ಸಲ ಗ್ರಾಫಿಕ್ಸ್ ಕಾರ್ಡಿನ ಕೆಳಗೇ ಅಡಗಿರುತ್ತದೆ. ಪಕ್ಕದ ಕೊಂಡಿಯನ್ನು ಉಗುರಿನಿಂದ ಸರಿಸಿದರೆ ಟಪ್ಪೆಂದು ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಒತ್ತಿ ಕೂರಿಸಿ. ಬಯಾಸ್‌ಗೆ ಹೋಗಿ ದಿನಾಂಕ, ಪಿಟಿಟಿ, ಸಿಎಸ್‌ಎಂ, ಸೆಕ್ಯೂರ್ ಬೂಟ್ ಇಷ್ಟನ್ನೂ ಕೊನೆಯ ಸಲ ಸರಿ ಮಾಡಿ. ಬೇರೆ ಪರೀಕ್ಷೆ ಬೇಕಿಲ್ಲ, ರಾತ್ರಿ ಅಮ್ಮನ ಕೈಗೇ ಬಿಡಿ. ಬೆಳಗ್ಗೆ msinfo32ನಲ್ಲಿ On ಇದ್ದರೆ ಪಾಸು.

ಇಷ್ಟೆಲ್ಲ ಒಂದು ಆಟಕ್ಕೋಸ್ಕರವೇ ಎಂದು ಮನೆಯವರು ಕೇಳಿದರೆ ಉತ್ತರ ಹೇಳುವುದು ಕಷ್ಟ. ದಾವಣಗೆರೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಇದ್ದ ಐವರು ಈಗ ಐದು ಊರಿನಲ್ಲಿ, ಒಬ್ಬನಿಗೆ ಮಗು, ಒಬ್ಬನಿಗೆ ನೈಟ್ ಶಿಫ್ಟ್. ವಾರಕ್ಕೆ ಉಳಿದಿರುವುದು ಆ ಕೆಲವು ರಾತ್ರಿಗಳ ಹತ್ತೂವರೆ. ಅದರಲ್ಲೂ ಅರ್ಧ ಗಂಟೆ ಬಯಾಸಿಗೆ ಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಅಂದ ಹಾಗೆ, ಕಿತ್ತ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ. ಮಕ್ಕಳು ನುಂಗಿದರೆ ನಿಜಕ್ಕೂ ಅಪಾಯ, ಗಂಟಲು ಸುಟ್ಟುಬಿಡುತ್ತದೆ. ಮಕ್ಕಳಿಲ್ಲದ ಮನೆಯಾದರೆ ಬೆಳಗ್ಗೆ ಮೇಜು ಒರೆಸುವ ಅಮ್ಮ ಅದನ್ನು ಎತ್ತಿ ಹಿಡಿದು, "ಇದ್ಯಾವ ಕೋಟಿನ ಗುಂಡಿಯೋ?" ಎಂದು ಸೂಜಿದಾರದ ಡಬ್ಬಿಗೆ ಹಾಕಿ, ಹೋಗುವಾಗ ಸ್ವಿಚ್ ಆರಿಸಿರುತ್ತಾಳೆ.